ಹುಟ್ಟುಹಬ್ಬ ನಮ್ಮದು, ಹಶು ಅವರದ್ದು

ವೃದ್ಧಾಶ್ರಮಲ್ಲಿ ಹುಟ್ಟುಹಬ್ಬ ಮಾಡುದು ಈಗ ನಮ್ಮ ಊರಿಲಿ ಒಂದು ಕ್ರಮವೇ ಆಯಿದು. ಪುಳ್ಳಿಗೆ ಒಂದು ವರ್ಷ ಆದರೂ ಅಲ್ಲಿಗೆ, ಅಪ್ಪಂಗೆ ಅರುವತ್ತು ಆದರೂ ಅಲ್ಲಿಗೆ. ಒಂದು ಹೊತ್ತಿನ ಊಟ ಕೊಡುದು, ಒಂದು ಗಂಟೆ ಪದ್ಯವೋ ಭಜನೆಯೋ ಮಾಡುದು, ನಾಕು ಪಟ ತೆಗದು ವಾಟ್ಸಪ್ಪಿಂಗೆ ಹಾಕುದು. ದೊಡ್ಡ ಹೋಟೆಲಿಲಿ ಅದೇ ಪೈಸೆ ಖರ್ಚು ಮಾಡುದರಿಂದ ಇದು ಎಷ್ಟೋ ಒಳ್ಳೆದು, ಅದರಲ್ಲಿ ಎನಗೆ ತಕರಾರು ಇಲ್ಲೆ. ಎನ್ನ ತಕರಾರು ಇಪ್ಪದು ಬೇರೆ ಒಂದರ ಮೇಲೆ. ಈ ಊಟ ಹೆಚ್ಚಾಗಿ ಉಂಬೋರ ಹೊತ್ತಿಂಗೆ ಆವುತ್ತಿಲ್ಲೆ, ಬಳುಸುವೋರ ಹೊತ್ತಿಂಗೆ ಆವುತ್ತು. ಪದ್ಯ ಕೇಳುವೋರ ಕೆಮಿಗೆ ಆವುತ್ತಿಲ್ಲೆ, ಹಾಡುವೋರ ಕೊಶಿಗೆ ಆವುತ್ತು. ಇದು ಬರೇ ಮರಿಯಾದಿಯ ಪ್ರಶ್ನೆ ಅಲ್ಲ, ಕೆಲವು ಸರ್ತಿ ಜೀವದ ಪ್ರಶ್ನೆಯೂ ಅಪ್ಪು.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ, ಈ ಮೂರು ತಾಲೂಕಿಲಿ ಇಂಥಾ ಜಾಗೆಗೊ ಸುಮಾರು ಇದ್ದು. ಬೆಳ್ತಂಗಡಿ ನೆರಿಯದ ಗಂಡಿಬಾಗಿಲಿಲಿ ಸಿಯೋನ್ ಆಶ್ರಮ ಇದ್ದು, ಮೂಡಬಿದ್ರೆ ಅಲಂಗಾರಿಲಿ ಮೌಂಟ್ ರೋಸರಿ ಇದ್ದು. ಹತ್ತಿಪ್ಪತ್ತು ಜೆನ ಇಪ್ಪ ಸಣ್ಣ ಸಣ್ಣ ಮನೆಗಳೂ ಇದ್ದು. ಆನು ಕೆಳ ಹೇಳ್ತ ಕತೆ ಇವೆರಡರದ್ದೂ ಅಲ್ಲ. ಯಾವುದು ಹೇಳಿ ಕೇಳೆಡಿ, ಹೇಳುಲೆ ಮನಸ್ಸಿಲ್ಲೆ. ತಪ್ಪಾದ್ದು ಆಶ್ರಮದೋರಿಂದ ಅಲ್ಲ, ಅಲ್ಲಿಗೆ ಹೋದ ನಮ್ಮೋರಿಂದ.

ಅದಕ್ಕೆ ಮದಲು ಒಂದು ಮಾತು ಕೇಳ್ತೆ. ನಮ್ಮ ಜೆಂಬ್ರಲ್ಲಿ ಎಂತ ಕ್ರಮ? ಬಾಳೆ ಹಾಕಿದ ಕೂಡ್ಲೆ ಪ್ರಾಯದೋರ ಸುರೂವಾಣ ಹಂತಿಲಿ ಕೂರುಸುತ್ತು. ಶುಗರು ಇಪ್ಪೋರಿಂಗೆ, ಮದ್ದು ತಿಂಬಲೆ ಇಪ್ಪೋರಿಂಗೆ ಒಳಂದ ಮದಲೇ ರಜ್ಜ ಅಶನ, ಸಾರು ಕೊಟ್ಟು ಸುದರ್ಸುತ್ತು. ಯಜಮಾನ° ಸೊಂಟಕ್ಕೆ ಶಾಲು ಕಟ್ಟಿಗೊಂಡು ಹಂತಿಲಿ ವಿಚಾರ್ಸಿಗೊಂಡು ಹೋವುತ್ತ°, ಅವನ ಊಟ ಎಲ್ಲೋರದ್ದೂ ಆದ ಮೇಲೆ. ಹೀಂಗಿಪ್ಪ ಕ್ರಮ ಗೊಂತಿಪ್ಪ ನಾವೇ ಆಶ್ರಮಕ್ಕೆ ಹೋದಪ್ಪಗ ಎಂಬತ್ತು ವರ್ಷದೋರ ಬಾಳೆ ಎದುರು ಕೂರುಸಿ ಒಂದು ಗಂಟೆ ಭಾಷಣ ಮಾಡ್ತು. ಎಂತಕೆ ಹೇಳಿರೆ, ಮನೆಲಿ ಇಪ್ಪೋರು ನೆಂಟ್ರು, ಆಶ್ರಮಲ್ಲಿ ಇಪ್ಪೋರು ದಾನ ತೆಕ್ಕೊಂಬೋರು ಹೇಳ್ತ ಭಾವನೆ ನಮ್ಮ ಮನಸ್ಸಿನ ಒಳ ಎಲ್ಲಿಯೋ ಇದ್ದು. ಆ ಭಾವನೆಯೇ ತಪ್ಪು. ಅದು ಅವರ ಮನೆ. ಅಲ್ಲಿ ನಾವೇ ನೆಂಟ್ರು.

ಈಗ ಕತೆ. ಬಂಟ್ವಾಳ ತಾಲೂಕಿನ ಒಂದು ಆಶ್ರಮ, ಮೂವತ್ತೆಂಟು ಜೆನ ಇತ್ತಿದ್ದವು. ಒಂದು ಆಯಿತ್ಯವಾರ ಗುರ್ತದೋರೊಬ್ಬರ ಅರುವತ್ತರ ಹುಟ್ಟುಹಬ್ಬ, ಎಂಗೊಗುದೇ ಹೇಳಿಕೆ ಇತ್ತು. ಊಟ ಹನ್ನೆರಡೂವರೆಗೆ ಹೇಳಿ ಮದಲೇ ತಿಳಿಶಿದ ಕಾರಣ ಆಶ್ರಮದ ಅಡಿಗೆಯೋರಿಂಗೆ ಆ ದಿನ ರಜೆ. ನರ್ಸಕ್ಕ ಅದೇ ಲೆಕ್ಕಲ್ಲಿ ಹನ್ನೆರಡು ಗಂಟೆಗೆ ಇನ್ಸುಲಿನು ಇಪ್ಪೋರಿಂಗೆಲ್ಲ ಇಂಜೆಕ್ಷನು ಕೊಟ್ಟತ್ತು. ಅಡಿಗೆಯ ವೇನು ಬಂದದು ಹನ್ನೆರಡೂ ಮುಕ್ಕಾಲಕ್ಕೆ. ಬಂದರೂ ಬಳುಸುಲೆ ಬಿಟ್ಟಿದವಿಲ್ಲೆ. ದೀಪ ಹೊತ್ತುಸುದು, ಸ್ವಾಗತ, ಕೇಕು, ಹಾರ, ಶಾಲು, ಎರಡು ಭಾಷಣ, ಮಕ್ಕಳ ಡೇನ್ಸು, ಇದೆಲ್ಲ ಆಯೆಕ್ಕನ್ನೆ! ಒಂದೂ ಕಾಲಪ್ಪಗ ಮೂರನೇ ಸಾಲಿಲಿ ಕೂದ ಒಂದು ಅಜ್ಜಿ ಎಂತದೋ ಸಂಬಂಧ ಇಲ್ಲದ್ದ ಮಾತು ಹೇಳುಲೆ ಸುರು ಮಾಡಿತ್ತು. ಹತ್ತರೆ ಕೂದೋರು ನೆಗೆ ಮಾಡಿದವು. ಮತ್ತೆ ತಲೆ ಎದಗೆ ಬಿದ್ದತ್ತು. "ಪಾಪ, ಒರಕ್ಕು ಬಂತು ಕಾಣ್ತು" ಹೇಳಿದವು ಒಬ್ಬ°. "ಬೆಶಿಲಿಂಗೆ" ಹೇಳಿದ° ಇನ್ನೊಬ್ಬ°. ನರ್ಸಕ್ಕ ಓಡಿ ಬಂದು ಹಣೆ ಮುಟ್ಟಿರೆ ತಣ್ಣನೆ ಬೆಗರು. ಬೆರಳು ಕುತ್ತಿ ನೋಡಿರೆ ಶುಗರು 54. ಪುಣ್ಯಕ್ಕೆ ನುಂಗುವಷ್ಟು ಎಚ್ಚರ ಇತ್ತು. ಮೂರು ಚಮ್ಚ ಸಕ್ಕರೆ ನೀರಿಲಿ ಕರಡಿ ಕುಡುಶಿತ್ತು. ಕಾಲು ಗಂಟೆ ಕಳುದು ಪುನಾ ನೋಡಿಯಪ್ಪಗ 82. ಅಷ್ಟಪ್ಪಗಳೂ ಸ್ಟೇಜಿಲಿ ಮೈಕು ನಿಂದಿತ್ತಿಲ್ಲೆ.

ಇದು ಅಪರೂಪದ ಸಂಗತಿ ಅಲ್ಲ, ಇದರ ಕಾರಣ ಸರಳ. ಉಂಬ ಮದಲು ಕೊಡ್ತ ಇನ್ಸುಲಿನು ಅರ್ಧ ಗಂಟೆಲಿ ಕೆಲಸ ಸುರು ಮಾಡ್ತು. ಅಷ್ಟಪ್ಪಗ ಹೊಟ್ಟೆಗೆ ಅಶನ ಬಾರದ್ರೆ ಅದು ನೆತ್ತರಿಲಿ ಇದ್ದ ಸಕ್ಕರೆಯನ್ನೇ ಇಳುಶುತ್ತು. 70ರಿಂದ ಕೆಳ ಹೋದರೆ ಅಪಾಯ ಸುರು. ಗ್ಲಿಮಿಪಿರೈಡಿನ ಹಾಂಗಿಪ್ಪ ಮಾತ್ರೆ ಉದಿಯಪ್ಪಗ ತೆಕ್ಕೊಂಡೋರಿಂಗೂ ಮಧ್ಯಾಹ್ನದ ಊಟ ತಡವಾದರೆ ಹೀಂಗೆ ಅಪ್ಪಲೆಡಿಗು. ಪ್ರಾಯ ಆದೋರ ಕಿಡ್ನಿ ನಿಧಾನ ಆದ ಕಾರಣ ಮದ್ದು ಮೈಲಿ ಹೆಚ್ಚು ಹೊತ್ತು ಒಳಿತ್ತು. ಜವ್ವನಿಗರಿಂಗೆ ಸಕ್ಕರೆ ಇಳುದರೆ ಕೈ ನಡುಗುತ್ತು, ಎದೆ ಹೊಡಕ್ಕೊಳ್ತು, ಅವಕ್ಕೇ ಗೊಂತಾವುತ್ತು. ಪ್ರಾಯದೋರಿಂಗೆ ಆ ಸೂಚನೆಗೊ ಕಮ್ಮಿ. ಅವಕ್ಕೆ ಬಪ್ಪದು ತೂಕಡಿಕೆ, ತಪ್ಪು ತಪ್ಪು ಮಾತು, ಸುಮ್ಮನೆ ಕೋಪ. ನೋಡುವೋರು "ಪ್ರಾಯ ಆತಲ್ಲದೊ" ಹೇಳಿ ಬಿಡ್ತವು. ಹಾಂಗಾಗಿ ಊಟಕ್ಕೆ ಕಾದು ಕೂದ ಅಜ್ಜ° ಒಬ್ಬ° ತಡವರಿಸಿ ಮಾತಾಡಿರೆ ನೆಗೆ ಮಾಡೆಡಿ, ನರ್ಸಿನ ದಿನಿಗೇಳಿ. ಎಚ್ಚರ ತಪ್ಪಿದೋರ ಬಾಯಿಗೆ ಮಾತ್ರ ಎಂತದೂ ಹಾಕೆಡಿ, ಅದು ಶ್ವಾಸಕ್ಕೆ ಹೋಕು.

ಇದರ ತಪ್ಪುಸುಲೆ ದೊಡ್ಡ ವಿದ್ಯೆ ಬೇಡ. ಕಾರ್ಯಕ್ರಮ ಊಟ ಆದ ಮೇಲೆ ಮಡುಗಿರೆ ಆತು. ಆಶ್ರಮದ ಅಡಿಗೆ ಕೋಣೆಗೆ ರಜೆ ಕೊಡುಸುಲಾಗ; ನಮ್ಮ ವೇನು ಗುಂಡಿಗೆ ಬಿದ್ದರೂ ಅಲ್ಲಿ ಅಶನ, ಸಾರು ಆಗಿರೆಕ್ಕು. ಅದಕ್ಕಿಂತಲೂ ಒಳ್ಳೆದು, ಸಾಮಾನು ಮದಲಾಣ ದಿನವೇ ತೆಕ್ಕೊಂಡು ಹೋಗಿ ಕೊಟ್ಟು, ಅಲ್ಲಿಯಾಣ ಅಡಿಗೆಯೋರೇ ಮಾಡುದು. ಉಪ್ಪು ಆರಿಂಗೆ ಎಷ್ಟು, ಖಾರ ಆರಿಂಗೆ ಆಗ, ಅದೆಲ್ಲ ಅವಕ್ಕೆ ಬಾಯಿಪಾಠ. ಕೇಟರಿಂಗಿನೋರಿಂಗೆ ಅದು ಗೊಂತಿಪ್ಪಲೆ ಸಾಧ್ಯ ಇಲ್ಲೆ.

ಇನ್ನು ಬಾಳೆಗೆ ಬೀಳ್ತದು ಎಂತದು ಹೇಳಿ ನೋಡುವೊ°. ಆ ದಿನ ಇದ್ದದು ತುಪ್ಪದ ಅಶನ, ಗೋಬಿ, ಹೋಳಿಗೆ, ಲಾಡು, ಸಾಬಕ್ಕಿ ಪಾಚ. ನಮ್ಮ ಬಾಯಿಗೆ ಪಟ್ಟಾಗಿ ಇತ್ತು. ಆದರೆ ಕೂದೋರಲ್ಲಿ ಅರ್ಧ ಜೆನಕ್ಕೆ ಹಲ್ಲಿಲ್ಲೆ, ಕೆಲವು ಜೆನಕ್ಕೆ ಪಕ್ಷವಾತ ಆಗಿ ನುಂಗುಲೆ ಕಷ್ಟ. ಅಂಥೋರಿಂಗೆ ಒಣಗಿ ಅಂಟುವ ತಿಂಡಿ ಗೆಂಟಲಿಲಿ ಕಚ್ಚಿಗೊಳ್ತು. ನೀರು ನೀರಾದ ಪಾಚಲ್ಲಿ ಗಟ್ಟಿ ಕಾಳು ಇದ್ದರೂ ಕಷ್ಟವೇ: ಬಾಯಿ ಗಟ್ಟಿಯ ಅಗಿವಗ ನೀರು ಮದಲೇ ಕೆಳ ಜಾರುತ್ತು, ಶ್ವಾಸನಾಳಕ್ಕೆ ಹೋಗಿ ಕೆಮ್ಮು ಬತ್ತು. ಉಂಬಗ ಪದೇ ಪದೇ ಕೆಮ್ಮುದು, ಸ್ವರ ನೀರಿಲಿ ಮಾತಾಡಿದ ಹಾಂಗೆ ಅಪ್ಪದು, ಇದು ಅದರ ಗುರ್ತ. ಅಂಬಗ ಬೆನ್ನಿಂಗೆ ಬಡುದು "ನೀರು ಕುಡಿರಿ" ಹೇಳುದಲ್ಲ. ನೆಟ್ಟಗೆ ಕೂರುಸಿ, ಬಳುಸುದರ ನಿಲ್ಸಿ, ಕೆಮ್ಮುಲೆ ಬಿಟ್ಟು, ನರ್ಸಿಂಗೆ ಹೇಳುದು. ಉಂಡಾದ ಮೇಲೂ ಅರ್ಧ ಗಂಟೆ ಮನುಗದ್ದೆ ಕೂದೊಂಡಿದ್ದರೆ ಒಳ್ಳೆದು. ಪದ್ಯದ ಕಾರ್ಯಕ್ರಮ ಊಟದ ಮೇಲೆ ಇರೆಕ್ಕು ಹೇಳಿ ಆನು ಹೇಳುದಕ್ಕೆ ಇದುದೇ ಒಂದು ಕಾರಣ.

ಮತ್ತಾಣ ವರ್ಷ ಎಂಗಳ ಮನೆಲಿ ಭಾವಂಗೆ ಅರುವತ್ತು ಆತು. ಅದೇ ಆಶ್ರಮಲ್ಲಿ ಊಟ ಕೊಡುದು ಹೇಳಿ ನಿಘಂಟು ಆತು. ಆನು ಮದಲು ಫೋನು ಮಾಡಿ ಮೂರು ವಿಷಯ ಕೇಳಿದೆ: ಉಂಬದು ಎಷ್ಟೊತ್ತಿಂಗೆ, ಇಂಜೆಕ್ಷನು ಎಷ್ಟೊತ್ತಿಂಗೆ, ಒರಗುದು ಎಷ್ಟೊತ್ತಿಂಗೆ. ಹನ್ನೆರಡೂ ಕಾಲು, ಹನ್ನೊಂದೂ ಮುಕ್ಕಾಲು, ಎರಡು ಗಂಟೆ. ಆತು, ಎಂಗಳ ಇಡೀ ಕಾರ್ಯಕ್ರಮ ಆ ಮೂರು ಗೆರೆಯ ಒಳವೇ. ದಿನವುದೇ ಆಯಿತ್ಯವಾರ ಅಲ್ಲ, ಆಟಿಯ ಒಂದು ಬುಧವಾರ. ಜನವರಿಂದ ಮೇ ವರೆಗೆ ಆಯಿತ್ಯವಾರ ಊಟ ಕೊಡುಲೆ ಜೆನ ಸಾಲು ನಿಲ್ತವು, ಆಟಿಯ ಮಳಗೆ ಗೇಟಿನ ಹತ್ತರೆ ಒಂದು ನಾಯಿಯೂ ಇಲ್ಲೆ. ಭಾವನ ಜನನ ಮಾಘಲ್ಲಿ. ಊಟ ಆಟಿಲಿ ಕೊಟ್ಟರೆ ಆಯುಷ್ಯ ಎಂತ ಕಮ್ಮಿ ಆಗ.

ಅಡಿಗೆ ಹೀಂಗಿತ್ತು: ಅವು ದಿನಾಗುಳೂ ಉಂಬ ಕುಚ್ಚಿಲಕ್ಕಿ ಅಶನ, ರಜ್ಜ ಹೆಚ್ಚು ಬೇಯಿಶಿದ್ದು. ತೊಗರಿಬೇಳೆ ಸಾರು, ಸೌತೆಕಾಯಿ ಮೇಲಾರ, ಚೀನಿಕಾಯಿ ತಾಳು ಬಾಯಿಲಿ ಕರಗುವಷ್ಟು ಬೆಂದದು, ಮಜ್ಜಿಗೆ. ಚೀಪೆಗೆ ಹೆಸರುಬೇಳೆ ಪಾಚ. ಒಂದು ಕಿಲೊ ಹೆಸರುಬೇಳೆಯ ಪೂರ ಕರಗುವ ಹಾಂಗೆ ಬೇಯಿಶಿ, ಒಂದೂಕಾಲು ಕಿಲೊ ಬೆಲ್ಲ, ಆರು ಕಾಯಿಯ ಹಾಲು ಹಾಕಿರೆ ಐವತ್ತು ಜೆನಕ್ಕೆ ಅರ್ಧ ಅರ್ಧ ಗ್ಲಾಸು ಧಾರಾಳ. ಗೇರುಬೀಜ ಬೇಕಾದೋರಿಂಗೆ ಬೇರೆ, ಪಾಚಕ್ಕೆ ಹಾಕಿದ್ದಿಲ್ಲೆ. ಶುಗರಿನೋರಿಂಗೆ ಎಷ್ಟು ಹೇಳಿ ನರ್ಸಕ್ಕನೇ ಹೇಳಿತ್ತು: ಅಶನ ಒಂದು ಸೌಟು ಕಮ್ಮಿ ಮಾಡಿ ಕಾಲು ಗ್ಲಾಸು ಪಾಚ. "ಇವಕ್ಕೆ ಶುಗರು, ಇವಕ್ಕೆ ಬೇಡ" ಹೇಳಿ ಹಂತಿಲಿ ಎಲ್ಲೋರಿಂಗೂ ಕೇಳುವ ಹಾಂಗೆ ಬೊಬ್ಬೆ ಹೊಡದ್ದಿಲ್ಲೆ. ಅದರಷ್ಟು ಅವಮಾನ ಬೇರೆ ಇಲ್ಲೆ. ಎಲ್ಲೋರ ಎದುರೂ ಗ್ಲಾಸು ಇತ್ತು, ಎಷ್ಟು ತುಂಬಿದ್ದು ಹೇಳಿ ಆರುದೇ ನೋಡಿದ್ದವಿಲ್ಲೆ. ಎಂಗೊ ಹನ್ನೆರಡು ಜೆನ ಹೋದೋರು. ಅರ್ಧ ಜೆನ ಬಳುಸಿದವು, ಅರ್ಧ ಜೆನ ಹಂತಿಯ ಮಧ್ಯೆ ಮಧ್ಯೆ ಕೂದು ಅವರೊಟ್ಟಿಂಗೆ ಉಂಡವು. ಭಾವ° ಕೂದದು ಒಬ್ಬ° ಹಳೆ ಬಸ್ಸು ಡ್ರೈವರಿನ ಹತ್ತರೆ. "ಒಣಸ್ ಆಂಡಾ" ಕೇಳುಲೆ ಮೈಕು ಬೇಡನ್ನೆ.

ಈಗ ಪದ್ಯದ ವಿಷಯ. ಪ್ರಾಯ ಅಪ್ಪಗ ಕೆಮಿಲಿ ಮದಲು ಹೋಪದು ಸಪೂರ ಸ್ವರ. ಸ, ಫ, ತ, ಕ ಹೇಳ್ತ ಅಕ್ಷರಂಗೊ ಆ ಸಪೂರ ಸ್ವರಲ್ಲೇ ಇಪ್ಪದು. ಹಾಂಗಾಗಿ "ಕೇಳ್ತು, ಆದರೆ ಎಂತ ಹೇಳಿ ಗೊಂತಾವುತ್ತಿಲ್ಲೆ" ಹೇಳ್ತವು. ಇದಕ್ಕೆ ನಾವು ಮಾಡುದು ಎಂತ? ದೊಡ್ಡ ಬಾಕ್ಸು ತಂದು ವಾಲ್ಯೂಮು ಏರುಸುದು. ಇದು ಉಲ್ಟ ಆವುತ್ತು. ಹಾಳಾದ ಕೆಮಿಗೆ ಸಣ್ಣ ಶಬ್ದ ಕೇಳ, ದೊಡ್ಡ ಶಬ್ದ ಮಾತ್ರ ನಮ್ಮ ಹಾಂಗೆಯೇ, ಕೆಲವಕ್ಕೆ ನಮ್ಮಿಂದಲೂ ಜೋರಾಗಿ, ಬಡಿತ್ತು. ಈ ಎರಡರ ಮಧ್ಯೆ ಇಪ್ಪ ಜಾಗೆ ಸಣ್ಣ ಆಯಿದು. ತಗಡಿನ ಮಾಡು, ಟೈಲ್ಸಿನ ನೆಲ ಇಪ್ಪ ಹಾಲಿಲಿ ಬಾಕ್ಸು ಮಡುಗಿರೆ ಶಬ್ದ ಗೋಡೆಗೆ ಬಡುದು ತಿರುಗಿ ಬಂದು ಎಲ್ಲ ಕಲಸು ಆವುತ್ತು. ಕೆಮಿಯ ಮಿಶನು ಹಾಕಿದೋರಿಂಗೆ ಆ ಕಲಸೂ ಸೇರಿ ದೊಡ್ಡ ಆಗಿ ಕೇಳುದು. ಸುರೂವಾಣ ಕಾರ್ಯಕ್ರಮಲ್ಲಿ ಎದುರು ಸಾಲಿನ ಮೂರು ಜೆನ ಮಿಶನು ತೆಗದು ಕಿಸಗೆ ಹಾಕಿದ್ದರ ಆನು ಕಂಡಿದೆ. ಆ ಇಡೀ ಮಧ್ಯಾಹ್ನ ಅವಕ್ಕೆ ಎಂತದೂ ಕೇಳಿದ್ದಿಲ್ಲೆ. ಪಟಲ್ಲಿ ಮಾತ್ರ ಚೆಂದಕೆ ಕೂದಿದವು.

ಸರಿಯಾದ ಅಳತೆ ಇಷ್ಟೇ: ಪದ್ಯ ಹೇಳುವಗ ಹತ್ತರೆ ಕೂದೋರೊಟ್ಟಿಂಗೆ ಸ್ವರ ಏರುಸದ್ದೆ ಮಾತಾಡ್ಲೆ ಎಡಿಯೆಕ್ಕು. ಎಂಗೊ ಬಾಕ್ಸೇ ತೆಕ್ಕೊಂಡು ಹೋಯಿದಿಲ್ಲೆಯ°. ಕುರ್ಚಿಗಳ ಸಾಲು ಬಿಡುಸಿ ಅರ್ಧ ವೃತ್ತಲ್ಲಿ ಮಡುಗಿದೆಯ°, ಹಾಡುವೋರು ಮಧ್ಯಲ್ಲಿ, ಬೆಣಚ್ಚು ಅವರ ಮೋರೆಗೆ ಬೀಳುವ ಹಾಂಗೆ. ಕೆಮಿ ಮಂದ ಆದೋರು ಅರ್ಧ ಬಾಯಿ ನೋಡಿಯೇ ಅರ್ಥ ಮಾಡುದು. ಫೇನುಗಳನ್ನೂ ರಜ್ಜ ನಿಧಾನ ಮಾಡಿದೆಯ°. ಒಬ್ಬ° ಭಾಗವತ°, ಒಂದು ಮದ್ದಳೆ, ಒಂದು ಶ್ರುತಿಪೆಟ್ಟಿಗೆ. ಚೆಂಡೆ ಬೇಡ ಹೇಳಿದೆ. ಬಯಲಿಲಿ ಚೆಂದ, ಹಾಲಿಲಿ ಹೊಡತ್ತ.

ಯಾವ ಪದ್ಯ ಹೇಳ್ತದು ದೊಡ್ಡ ಪ್ರಶ್ನೆ. ನಮ್ಮಲ್ಲಿ ಎರಡೇ ಪಟ್ಟಿ: ಒಂದೋ ಹೊಸ ಸಿನೆಮ, ಅಲ್ಲದ್ರೆ ನಮ್ಮ ಮಕ್ಕೊ ಸಂಗೀತ ಕ್ಲಾಸಿಲಿ ಕಲ್ತದು. ಮನುಷ್ಯಂಗೆ ಹತ್ತು ವರ್ಷಂದ ಮೂವತ್ತು ವರ್ಷದ ಒಳ ಕೇಳಿದ ಪದ್ಯವೇ ಅಕೇರಿವರೆಗೆ ಒಳಿವದು. ಮಕ್ಕಳ ಹೆಸರು ಮರದೋರಿಂಗೂ ಆ ಪದ್ಯದ ಸಾಲು ಬತ್ತು. ಲೆಕ್ಕ ಹಾಕಿ ನೋಡಿ. ಮಂಗಳೂರು ಆಕಾಶವಾಣಿ ಸುರು ಆದ್ದು 1976ರಲ್ಲಿ. ಈಗ ಎಂಬತ್ತು ಕಳುದೋರಿಂಗೆ ಅಂಬಗಳೇ ಮೂವತ್ತರ ಹತ್ತರೆ. ತುಳುವಿನ ಮೊದಲ ಸಿನೆಮ ‘ಎನ್ನ ತಂಗಡಿ’ 1971ರದ್ದು. ಹಾಂಗಾದರೆ ಅವರ ಜವ್ವನದ ಕೆಮಿಗೆ ಬಿದ್ದದು ಎಂತದು? ಧರ್ಮಸ್ಥಳ, ಕಟೀಲು ಮೇಳದ ಆಟ, ಶೆನಿವಾರದ ಭಜನೆ, ಗೆದ್ದೆಲಿ ನೇಜಿ ನೆಡುವಗ ಹೆಮ್ಮಕ್ಕೊ ಹೇಳಿದ ತುಳು ಕಬಿತ, ಪಾಡ್ದನ. ಮೂಡಬಿದ್ರೆ, ಬಂಟ್ವಾಳದ ಕ್ರಿಶ್ಚಿಯನ್ನರಿಂಗೆ ಕೊಂಕಣಿ ಪದ್ಯ. ಬಾಗಿಲಿನ ಒಳ ಎಲ್ಲ ಜಾತಿಯೋರೂ ಇದ್ದವು, ನಮ್ಮ ಮನೆಯ ಭಜನೆ ಒಂದೇ ಸಾಲ. ಹಾಂಗಾಗಿ ಎಂಗೊ ಪಟ್ಟಿ ಮಾಡಿದ್ದೇ ಇಲ್ಲೆ, ನರ್ಸಕ್ಕನ ಹತ್ತರೆ ಮದಲಾಣ ವಾರವೇ ಹೇಳಿತ್ತಿದ್ದೆಯ°, ಆರಿಂಗೆ ಎಂತ ಬೇಕು ಕೇಳಿ ಮಡುಗಿ ಹೇಳಿ.

ಮುಕ್ಕಾಲು ಗಂಟೆ ಪದ್ಯ. ಭಾಗವತಂಗೆ ಸಿಕ್ಕಿದ್ದು ಹದಿನೈದು ನಿಮಿಷ ಮಾತ್ರ, ಒಳುದ್ದೆಲ್ಲ ಅವರದ್ದೇ. ಗೆದ್ದೆ ಕೆಲಸ ಮಾಡಿದ ಒಂದು ಅಜ್ಜಿ, ಆರೊಟ್ಟಿಂಗೂ ಮಾತಾಡ್ತಿಲ್ಲೆ ಹೇಳಿ ಹೆಸರು ಹೋದ್ದು, ಕಬಿತ ಸುರು ಮಾಡಿ ಎಂಟು ಹತ್ತು ಸಾಲು ಹೇಳಿತ್ತು. ಎದುರಾಣ ಕುರ್ಚಿಂದ ಇನ್ನೊಂದು ಅಜ್ಜಿ ಸೊಲ್ಲು ಕೊಟ್ಟತ್ತು. ಎರಡು ವರ್ಷಂದ ಒಂದೇ ಕೋಣೆಲಿ ಇಪ್ಪ ಅವಿಬ್ರೂ ಒಂದೇ ಬೈಲಿನ ನೇಜಿಗೆ ಹೋದೋರು ಹೇಳಿ ಗೊಂತಾದ್ದು ಅಂಬಗ. ಎರಡು ಗಂಟೆಗೆ ಐದು ನಿಮಿಷ ಇಪ್ಪಗ ನಿಲ್ಸಿದೆಯ°. ಕೇಳುವೋರಿಂಗೆ ಇನ್ನೂ ಬೇಕು ಹೇಳಿ ಇತ್ತು, ಅದು ಒಳ್ಳೆದೇ.

ಅಕೇರಿಗೆ ಪಟದ ಸಂಗತಿ. "ಪಟ ತೆಗದರೆ ಬೇರೆಯೋರಿಂಗೂ ಪ್ರೇರಣೆ ಆವುತ್ತು" ಹೇಳ್ತವು. ಅಕ್ಕು. ಆದರೆ ನಮ್ಮ ಊರಿಲಿ ವೃದ್ಧಾಶ್ರಮಕ್ಕೆ ಸೇರಿದ್ದರ ಮನೆಯೋರೂ ಹೇಳ್ತವಿಲ್ಲೆ, ಸೇರಿದೋರೂ ಹೇಳ್ತವಿಲ್ಲೆ. "ಅಬ್ಬೆ ಬೆಂಗ್ಳೂರಿಲಿ ಅಣ್ಣನಲ್ಲಿ ಇದ್ದವು" ಹೇಳಿ ಊರಿಂಗೆ ಹೇಳಿದ್ದರ ನಮ್ಮ ಒಂದು ಪಟ ಅರ್ಧ ಗಂಟೆಲಿ ಇಡೀ ಸೀಮೆಗೆ ಬಿಡುಸಿ ಹೇಳ್ತು. ಮಗ° ಮಾಡಿದ್ದು ಸರಿಯೋ ತಪ್ಪೋ, ಅದರ ಹೇಳ್ತ ಹಕ್ಕು ಆ ಅಬ್ಬೆಯದ್ದು, ಪಾಚ ಬಳುಸಿದೋರದ್ದಲ್ಲ. ಪಟ ತೆಗವಗ ಗೋಡೆ ಹೊಡೆಂಗೆ ಮೋರೆ ತಿರುಗುಸಿದೋರ ನೋಡಿರೆ ಸಾಕು, ಕೇಳೆಕ್ಕು ಹೇಳಿಯೇ ಇಲ್ಲೆ. ಒಂದು ಊಟ ಕೊಟ್ಟ ಕೂಡ್ಲೆ ಅವರ ಮೋರೆಯ ನಾವು ಕ್ರಯಕ್ಕೆ ತೆಕ್ಕೊಂಡ ಹಾಂಗಾತೋ? ಭಾವನ ದಿನದ್ದು ಒಂದೇ ಪಟ ಇದ್ದು: ತೊಳದು ಕವುಂಚಿ ಮಡುಗಿದ ಪಾಚದ ಅಳಗೆ.

ಇದರ ಓದಿ ಕೆಲವು ಜೆನ ಹೇಳುಗು: ಹೀಂಗೆಲ್ಲ ಕಟ್ಟುಪಾಡು ಹಾಕಿರೆ ಹೋಪೋರೂ ಹೋಗವು, ಆಶ್ರಮಕ್ಕೆ ಬಪ್ಪ ಪೈಸೆಯೂ ನಿಂಗು. ಪೈಸೆ ಬೇಕು ಹೇಳುದು ಸತ್ಯ, ಇಲ್ಲೆ ಹೇಳ್ತಿಲ್ಲೆ. ಅದಕ್ಕೇ ಆಶ್ರಮದೋರು ನಮ್ಮ ಕೇಕು, ಭಾಷಣ, ಬಾಕ್ಸು ಎಲ್ಲದಕ್ಕೂ ತಲೆ ಆಡುಸುದು. ಬೇಡ ಹೇಳಿರೆ ಮತ್ತಾಣ ತಿಂಗಳ ಅಕ್ಕಿ ತಪ್ಪುಗು ಹೇಳ್ತ ಹೆದರಿಕೆ. ಅವಕ್ಕೆ ಹೇಳುಲೆ ಎಡಿಯದ್ದ ಕಾರಣವೇ ನಾವು ಕೇಳೆಕ್ಕಪ್ಪದು. ಆನು ಹೇಳಿದ ಒಂದಾದರೂ ಖರ್ಚು ಹೆಚ್ಚಿಪ್ಪದಲ್ಲ. ಬಾಕ್ಸಿನ ಬಾಡಿಗೆ, ಕೇಕಿನ ಕ್ರಯ, ಬೇನರಿನ ಕ್ರಯ ಒಳುದ್ದರಲ್ಲಿ ಎಂಗೊ ಎರಡು ಗೋಣಿ ಅಕ್ಕಿ ಕೊಟ್ಟಿಕ್ಕಿ ಬಂದೆಯ°.

ನಿಂಗಳ ಮನೆಲಿ ಹುಟ್ಟುಹಬ್ಬ ಬಪ್ಪಲೆ ಇಕ್ಕು. ಆಶ್ರಮಕ್ಕೆ ಫೋನು ಮಾಡುವಗ "ಎಷ್ಟು ಜೆನ ಇದ್ದವು" ಹೇಳಿ ಮದಲು ಕೇಳೆಡಿ, ಅದು ಕೇಟರಿಂಗಿನೋರ ಪ್ರಶ್ನೆ. "ನಿಂಗಳಲ್ಲಿ ಉಂಬದು ಎಷ್ಟೊತ್ತಿಂಗೆ?" ಹೇಳಿ ಕೇಳಿ. ಮತ್ತೆ ಆ ಹೊತ್ತಿಂಗೆ ಹತ್ತು ನಿಮಿಷ ಮದಲು ಹೋಗಿ ಬಾಳೆ ಹಾಕುಲೆ ಸೇರಿ.